ಫ್ಲಾಟಿನ ಕರಾರುಪತ್ರ ಒಂದೇ ಪುಟದಲ್ಲಿ: ತಾಬಾ ತಾರೀಖು, ವಿಳಂಬದ ಬಡ್ಡಿ, ರದ್ದತಿ

ಸೊಲ್ಲಾಪುರ: ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ಭಾಗದ ಕನ್ನಡಿಗರಲ್ಲಿ ನಿವೃತ್ತಿಯ ಹಣ ಹಾಕಿ ಪಟ್ಟಣದಲ್ಲಿ ಫ್ಲಾಟ್ ಕೊಳ್ಳುವವರು ಬಹಳ ಮಂದಿ. ಬಿಲ್ಡರ್ ಕೊಡುವ ಕರಾರುಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಥವಾ ಮರಾಠಿಯಲ್ಲಿ ಇರುತ್ತದೆ. ನಲವತ್ತು ಪುಟ, ಅದರ ಮೇಲೆ ಅನುಬಂಧಗಳು. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಮಗನ ಮೇಲೋ ಅಳಿಯನ ಮೇಲೋ ಭಾರ ಹಾಕಿ ಸಹಿ ಮಾಡಿಬಿಡುತ್ತಾರೆ. ಮನೆ ಕೈಗೆ ಬರುವುದು ತಡವಾದಾಗ ಮಾತ್ರ ಆ ಕಾಗದ ಕಪಾಟಿನಿಂದ ಹೊರಗೆ ಬರುತ್ತದೆ.

ಅಷ್ಟು ಪುಟಗಳಲ್ಲಿ ಕೊಳ್ಳುವವರ ಹಣದ ಭವಿಷ್ಯ ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಮೂರು. ಮನೆಯ ಸ್ವಾಧೀನ ಯಾವ ದಿನ? ತಡವಾದರೆ ಏನು ಸಿಗುತ್ತದೆ? ವ್ಯವಹಾರ ಮುರಿದರೆ ಎಷ್ಟು ಹಣ ವಾಪಸು? ಈ ಮೂರನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿಕೊಳ್ಳುವ ಕ್ರಮವನ್ನು ಮಹಾರಾಷ್ಟ್ರದ ನಿಯಮಗಳ ಪ್ರಕಾರ ಇಲ್ಲಿ ಕೊಡಲಾಗಿದೆ.

ಕಾಗದ ಯಾವುದು ಎಂಬುದು ಮೊದಲು

ಬುಕಿಂಗ್ ಅರ್ಜಿ, ಅಲಾಟ್‌ಮೆಂಟ್ ಪತ್ರ ಮತ್ತು ಮಾರಾಟದ ಕರಾರುಪತ್ರ ಮೂರೂ ಬೇರೆ ಬೇರೆ. ಮರಾಠಿಯಲ್ಲಿ ಕರಾರನಾಮಾ ಎನ್ನುವ ಮೂರನೆಯದೇ ಮುಖ್ಯವಾದದ್ದು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ಎಲ್ಲರೂ ರೇರಾ ಎನ್ನುವ ಕಾಯ್ದೆಯ 13ನೇ ಕಲಮಿನ ಪ್ರಕಾರ, ಕರಾರುಪತ್ರ ಬರೆದು ನೋಂದಣಿ ಮಾಡುವ ಮೊದಲು ಬಿಲ್ಡರ್ ಫ್ಲಾಟಿನ ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಅದಕ್ಕಿಂತ ಹೆಚ್ಚು ಕೇಳಿ, "ಕರಾರು ಆಮೇಲೆ ಮಾಡೋಣ" ಎಂದರೆ ಅಲ್ಲಿಗೇ ನಿಲ್ಲಬೇಕು.

ಮಹಾರಾಷ್ಟ್ರ ಸರ್ಕಾರ 2017ರ ನಿಯಮಗಳ ಜೊತೆಗೆ ಕರಾರುಪತ್ರದ ಒಂದು ಮಾದರಿಯನ್ನೂ ಕೊಟ್ಟಿದೆ. ಬಿಲ್ಡರುಗಳು ಅದನ್ನು ತಮ್ಮ ಯೋಜನೆಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆದರೆ ಕಾಯ್ದೆಗೂ ನಿಯಮಗಳಿಗೂ ವಿರುದ್ಧವಾದ ಷರತ್ತು ಅದರಲ್ಲಿ ಸೇರಿದರೆ ಅದು ಮೊದಲಿನಿಂದಲೇ ಅಸಿಂಧು ಎಂದು ಮಾದರಿಯಲ್ಲೇ ಬರೆದಿದೆ. 2022ರ ಡಿಸೆಂಬರಿನಲ್ಲಿ ಮಹಾರೇರಾ ಪ್ರಾಧಿಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೈಸರ್ಗಿಕ ವಿಪತ್ತು, ಕಾರ್ಪೆಟ್ ವಿಸ್ತೀರ್ಣ, ದೋಷ ಹೊಣೆಗಾರಿಕೆ, ಸೊಸೈಟಿಗೆ ಹಸ್ತಾಂತರ ಮುಂತಾದ ಷರತ್ತುಗಳನ್ನು ಬದಲಾಯಿಸುವಂತಿಲ್ಲ ಎಂದು ಆದೇಶಿಸಿತು. ಆದ್ದರಿಂದ ಮಾದರಿಯ ಪ್ರತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬಿಲ್ಡರ್ ಎಲ್ಲಿ ಸೇರಿಸಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ. ಮಾದರಿಯಲ್ಲಿ ಹಣ ಕಟ್ಟುವುದು 1ನೇ ಷರತ್ತು, ಬಡ್ಡಿ ಮತ್ತು ರದ್ದತಿ 4ನೇ ಷರತ್ತು, ಸ್ವಾಧೀನದ ದಿನ 6ನೇ ಷರತ್ತು, ಸ್ವಾಧೀನ ಪಡೆಯುವ ಕ್ರಮ 7ನೇ ಷರತ್ತು.

ತಾಬಾ ತಾರೀಖು

ಸ್ವಾಧೀನಕ್ಕೆ ಸೊಲ್ಲಾಪುರದ ಕಡೆ ತಾಬಾ ಎಂದೇ ಹೇಳುವುದು ರೂಢಿ. ಕರಾರುಪತ್ರದಲ್ಲಿ ಅದಕ್ಕೆ ದಿನ, ತಿಂಗಳು, ವರ್ಷ ಇರುವ ತಾರೀಖು ಬೇಕು. "ಪ್ಲಿಂತ್ ಮುಗಿದ ಮೇಲೆ 24 ತಿಂಗಳು", "ಎಲ್ಲ ಪರವಾನಗಿ ಬಂದ ಮೇಲೆ 30 ತಿಂಗಳು" ಎಂಬ ಬರವಣಿಗೆ ಇದ್ದರೆ ಅದು ತಾರೀಖಲ್ಲ. ಪ್ಲಿಂತ್ ಯಾವಾಗ ಮುಗಿಯಿತು ಎಂಬ ಕಾಗದ ಬಿಲ್ಡರ್ ಕೈಯಲ್ಲೇ ಇರುವುದರಿಂದ ಎಣಿಕೆ ಎಂದು ಶುರುವಾಯಿತೆಂದು ಕೊಂಡವರು ತೋರಿಸಲಾಗುವುದಿಲ್ಲ.

ಸಾರಾಂಶದಲ್ಲಿ ಎರಡು ತಾರೀಖು ಬರೆಯಬೇಕು. ಒಂದು ಕರಾರುಪತ್ರದಲ್ಲಿ ಇರುವುದು. ಇನ್ನೊಂದು maharera.maharashtra.gov.in ತಾಣದಲ್ಲಿ ಆ ಯೋಜನೆಯ ನೋಂದಣಿ ಸಂಖ್ಯೆ ಹಾಕಿದಾಗ ಕಾಣುವ, ಕೆಲಸ ಮುಗಿಸುವುದಾಗಿ ಬಿಲ್ಡರ್ ಘೋಷಿಸಿದ ತಾರೀಖು. ಇವೆರಡೂ ಒಂದೇ ಆಗಿರಬೇಕೆಂದೇನಿಲ್ಲ. ನೋಂದಣಿಯ ಅವಧಿಯನ್ನು ಪ್ರಾಧಿಕಾರ ಮುಂದೂಡಿದರೆ ತಾಣದಲ್ಲಿ ತಾರೀಖು ಬದಲಾಗುತ್ತದೆ, ಆದರೆ ಕೊಂಡವರ ಕೈಯಲ್ಲಿರುವ ಕರಾರಿನ ತಾರೀಖು ತಾನಾಗಿ ಬದಲಾಗುವುದಿಲ್ಲ. ರೇರಾಕ್ಕೂ ಮೊದಲು ಮಾಡಿಕೊಂಡ ಕರಾರುಗಳಲ್ಲಿ ಸಹ ವಿಳಂಬವನ್ನು ಕರಾರಿನ ತಾರೀಖಿನಿಂದಲೇ ಎಣಿಸಬೇಕೆಂದು 2017ರ ಡಿಸೆಂಬರಿನಲ್ಲಿ ನೀಲಕಮಲ್ ರಿಯಲ್ಟರ್ಸ್ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟ್ ಹೇಳಿದೆ. ಕೆಲಸ ನಿಂತಾಗ "ಹೊಸ ತಾರೀಖಿಗೆ ಒಪ್ಪಿಗೆ ಇದೆ" ಎಂಬ ಪತ್ರಕ್ಕೆ ಸಹಿ ಕೇಳುವುದು ಇದೇ ಕಾರಣಕ್ಕೆ. ಅದಕ್ಕೆ ಸಹಿ ಹಾಕಿದರೆ ಅಲ್ಲಿಯ ತನಕದ ಬಡ್ಡಿಯ ಹಕ್ಕನ್ನು ಬಿಟ್ಟುಕೊಟ್ಟಂತೆ ಆಗಬಹುದು.

ತಾರೀಖಿನ ಪಕ್ಕದಲ್ಲಿ ಅದನ್ನು ಮುಂದಕ್ಕೆ ತಳ್ಳುವ ಮಾತುಗಳನ್ನು ಬರೆದುಕೊಳ್ಳಬೇಕು. ಆರು ತಿಂಗಳ ಗ್ರೇಸ್ ಅವಧಿ ಇದ್ದರೆ ಅದನ್ನು ಸೇರಿಸಿದ ತಾರೀಖನ್ನೂ ಬರೆಯಬೇಕು. ಮಾದರಿ ಕರಾರಿನಲ್ಲಿ ಅವಧಿ ವಿಸ್ತರಣೆಗೆ ಎರಡೇ ಕಾರಣ: ಯುದ್ಧ, ದಂಗೆ ಅಥವಾ ದೈವಿಕ ವಿಪತ್ತು ಒಂದು, ಸರ್ಕಾರ, ಸಕ್ಷಮ ಪ್ರಾಧಿಕಾರ ಅಥವಾ ನ್ಯಾಯಾಲಯದ ಆದೇಶ ಇನ್ನೊಂದು. ಮರಳು ಸಿಗಲಿಲ್ಲ, ಕೂಲಿಯವರು ಊರಿಗೆ ಹೋದರು, ಸಿಮೆಂಟಿನ ಬೆಲೆ ಏರಿತು, ಬೇರೆ ಗಿರಾಕಿಗಳು ಕಂತು ಕಟ್ಟಲಿಲ್ಲ ಎಂಬ ಕಾರಣಗಳು ಆ ಪಟ್ಟಿಯಲ್ಲಿ ಇಲ್ಲ. ಅವು ಕರಾರಿನಲ್ಲಿ ಕಂಡರೆ ಸಾರಾಂಶದಲ್ಲಿ ಕೆಂಪು ಗೆರೆ ಎಳೆದು ಇಡಬೇಕು.

ತಾಬಾ ಎಂದರೆ ಏನು ಎಂಬುದೂ ಸ್ಪಷ್ಟವಿರಬೇಕು. ಮಹಾನಗರಪಾಲಿಕೆ ಕೊಡುವ ವಾಸಯೋಗ್ಯ ಪ್ರಮಾಣಪತ್ರಕ್ಕೆ ಮರಾಠಿಯಲ್ಲಿ ಭೋಗವಟಾ ಪ್ರಮಾಣಪತ್ರ ಎನ್ನುತ್ತಾರೆ, ಬಿಲ್ಡರ್ ಕಚೇರಿಯಲ್ಲಿ ಓಸಿ. ಮಾದರಿ ಕರಾರಿನ ಪ್ರಕಾರ ಓಸಿ ಬಂದ ಮೇಲೆಯೇ ಬಿಲ್ಡರ್ ಬರವಣಿಗೆಯಲ್ಲಿ ಸ್ವಾಧೀನಕ್ಕೆ ಕರೆಯಬೇಕು, ಆ ನೋಟಿಸ್ ಬಂದ 15 ದಿನಗಳಲ್ಲಿ ಕೊಂಡವರು ಮನೆ ವಹಿಸಿಕೊಳ್ಳಬೇಕು. ಓಸಿ ಇಲ್ಲದೆ "ಪೀಠೋಪಕರಣದ ಕೆಲಸ ಮಾಡಿಸಿಕೊಳ್ಳಿ" ಎಂದು ಬೀಗದ ಕೈ ಕೊಡುವುದನ್ನು ಫಿಟ್-ಔಟ್ ತಾಬಾ ಎನ್ನುತ್ತಾರೆ. ಅದನ್ನು ಪೂರ್ಣ ಸ್ವಾಧೀನವೆಂದು ಸಹಿ ಮಾಡಿಕೊಟ್ಟರೆ ವಿಳಂಬದ ಎಣಿಕೆ ಅಂದಿಗೇ ನಿಂತಿತು ಎಂದು ಬಿಲ್ಡರ್ ವಾದಿಸಲು ದಾರಿಯಾಗುತ್ತದೆ.

ವಿಳಂಬಕ್ಕೆ ಬಡ್ಡಿ

ರೇರಾ ಕಾಯ್ದೆಯ 18ನೇ ಕಲಮು ಕೊಂಡವರಿಗೆ ಎರಡು ದಾರಿ ಕೊಡುತ್ತದೆ. ತಾರೀಖು ತಪ್ಪಿದರೆ ವ್ಯವಹಾರದಿಂದ ಹೊರಬಂದು ಕಟ್ಟಿದ ಹಣವನ್ನು ಬಡ್ಡಿಸಹಿತ ವಾಪಸು ಕೇಳಬಹುದು. ಅಥವಾ ಮನೆಯೇ ಬೇಕೆಂದರೆ ಸ್ವಾಧೀನ ಸಿಗುವವರೆಗೆ ವಿಳಂಬದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು. ಯಾವುದನ್ನು ಆರಿಸುವುದು ಕೊಂಡವರ ಇಷ್ಟ. ತಾರೀಖು ತಪ್ಪಿದ ಮೇಲೆ ಹಣ ವಾಪಸು ಕೇಳುವ ಹಕ್ಕಿಗೆ ಯಾವ ಷರತ್ತೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಹೇಳಿತು.

ಬಡ್ಡಿಯ ದರ ಮಹಾರಾಷ್ಟ್ರದ ನಿಯಮಗಳಲ್ಲಿ ಹೀಗಿದೆ: ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಎಂಸಿಎಲ್‌ಆರ್ ದರಗಳಲ್ಲಿ ಅತಿ ಹೆಚ್ಚಿನದು, ಅದರ ಮೇಲೆ 2 ಶೇಕಡಾ. ಬ್ಯಾಂಕಿನ ದರ ಆಗಾಗ ಬದಲಾಗುವುದರಿಂದ ಸಾರಾಂಶದಲ್ಲಿ ಅಂಕಿಯ ಬದಲು ಈ ಸೂತ್ರವನ್ನೇ ಬರೆಯುವುದು ಒಳ್ಳೆಯದು. ಇದು ಎರಡೂ ಕಡೆಗೆ ಒಂದೇ ದರ ಎಂಬುದನ್ನೂ ಬರೆದಿಡಬೇಕು. ಕೊಂಡವರು ಕಂತು ತಡಮಾಡಿದರೆ ಬಿಲ್ಡರ್ ಹಾಕಬಹುದಾದ ಬಡ್ಡಿಯೂ ಇಷ್ಟೇ. ಹಿಂದೆ ಹೀಗಿರಲಿಲ್ಲ. ಗುರುಗ್ರಾಮದ ಪಯೊನೀರ್ ಅರ್ಬನ್ ಪ್ರಕರಣದ ಕರಾರಿನಲ್ಲಿ ಕೊಂಡವರು ತಡಮಾಡಿದರೆ 18 ಶೇಕಡಾ, ಬಿಲ್ಡರ್ ಹಣ ಹಿಂತಿರುಗಿಸುವುದಾದರೆ 9 ಶೇಕಡಾ ಎಂದಿತ್ತು. ಇಂಥ ಒಂದೇ ಪಕ್ಷದ ಷರತ್ತುಗಳಿಗೆ ಕೊಂಡವರನ್ನು ಕಟ್ಟಿಹಾಕಲಾಗದು ಎಂದು 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಹಳೆಯ ಕರಾರುಗಳಲ್ಲಿ ವಿಳಂಬಕ್ಕೆ "ತಿಂಗಳಿಗೆ ಚದರಡಿಗೆ 5 ರೂಪಾಯಿ" ಎಂಬ ಪರಿಹಾರ ಇರುತ್ತಿತ್ತು. ಈಗಲೂ ಕೆಲವು ಅಲಾಟ್‌ಮೆಂಟ್ ಪತ್ರಗಳಲ್ಲಿ, ಪೂರಕ ಪತ್ರಗಳಲ್ಲಿ ಅದು ನುಸುಳುತ್ತದೆ. ಎರಡರ ನಡುವಿನ ಅಂತರ ಎಷ್ಟೆಂದು ಒಂದು ಲೆಕ್ಕದಿಂದ ನೋಡಬಹುದು.

ಒಂದು ಲೆಕ್ಕ

ಅಕ್ಕಲಕೋಟೆ ತಾಲೂಕಿನ ಒಬ್ಬ ನಿವೃತ್ತ ಶಿಕ್ಷಕರು ಸೊಲ್ಲಾಪುರದಲ್ಲಿ 600 ಚದರಡಿ ಕಾರ್ಪೆಟ್ ವಿಸ್ತೀರ್ಣದ ಫ್ಲಾಟನ್ನು 36,00,000 ರೂಪಾಯಿಗೆ ಗೊತ್ತುಮಾಡಿದರು ಎಂದು ಇಟ್ಟುಕೊಳ್ಳೋಣ. ಕರಾರಿನ ತಾಬಾ ತಾರೀಖು 2023ರ ಜೂನ್ 30. ಆ ದಿನಕ್ಕೆ ಹೊರಗಿನ ಗಿಲಾವು ಮುಗಿದಿತ್ತು. ಮಾದರಿ ಕರಾರಿನ ಕಂತುಗಳ ಪ್ರಕಾರ ಅಲ್ಲಿಗೆ ಬೆಲೆಯ 85 ಶೇಕಡಾದವರೆಗೆ ಬಿಲ್ಡರ್ ಕೇಳಬಹುದು. ಶಿಕ್ಷಕರು 30,60,000 ರೂಪಾಯಿ ಕಟ್ಟಿದ್ದರು. ಓಸಿ ಬಂದು ಮನೆ ಸಿಕ್ಕಿದ್ದು 2024ರ ಆಗಸ್ಟ್ 31ಕ್ಕೆ. ಅಂದರೆ ತಡ 14 ತಿಂಗಳು. ನಡುವೆ ಬೇರೆ ಕಂತು ಕಟ್ಟಿಲ್ಲ.

ಬಡ್ಡಿ ದರ 11 ಶೇಕಡಾ ಎಂದು ಹಿಡಿದರೆ 30,60,000ಕ್ಕೆ ವರ್ಷದ ಬಡ್ಡಿ 3,36,600 ರೂಪಾಯಿ, ತಿಂಗಳಿಗೆ 28,050. ಹದಿನಾಲ್ಕು ತಿಂಗಳಿಗೆ 3,92,700 ರೂಪಾಯಿ. ಚದರಡಿಗೆ 5 ರೂಪಾಯಿಯ ಲೆಕ್ಕದಲ್ಲಾದರೆ ತಿಂಗಳಿಗೆ 3,000, ಒಟ್ಟು 42,000 ರೂಪಾಯಿ ಮಾತ್ರ. ಕೊನೆಯ ಕಂತಿನ ಸಮಯದಲ್ಲಿ "ವಿಳಂಬದ ಪರಿಹಾರ ಪೂರ್ಣ ಮುಟ್ಟಿತು" ಎಂಬ ಚೀಟಿಯ ಜೊತೆ 42,000 ಕಡಿತ ತೋರಿಸಿ ಬೀಗದ ಕೈ ಕೊಟ್ಟರೆ, ಸಂತೋಷದಲ್ಲಿ ಸಹಿ ಹಾಕಿದ ಶಿಕ್ಷಕರು ಮೂರೂವರೆ ಲಕ್ಷ ಬಿಟ್ಟುಕೊಟ್ಟಂತೆ.

ಇಲ್ಲಿ ಒಂದು ಎಚ್ಚರಿಕೆ ಇದೆ. ಬಡ್ಡಿ ಸಿಗುವುದು ಕಟ್ಟಿದ ಹಣಕ್ಕೆ, ಫ್ಲಾಟಿನ ಪೂರ್ತಿ ಬೆಲೆಗಲ್ಲ. ಆದ್ದರಿಂದ ಪ್ರತಿ ಕಂತಿನ ರಸೀದಿ, ಚೆಕ್ಕಿನ ದಿನ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಸಾರಾಂಶದ ಹಿಂದೆ ಪಿನ್ ಮಾಡಿ ಇಟ್ಟುಕೊಳ್ಳಬೇಕು. ನಗದಾಗಿ ಕೊಟ್ಟು ರಸೀದಿ ಪಡೆಯದ ಹಣ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗೆಯೇ ಕೊಂಡವರೂ ಕಂತು ಬಾಕಿ ಇಟ್ಟಿದ್ದರೆ ಬಿಲ್ಡರ್ ಅದನ್ನು ಮುಂದೆ ಮಾಡುತ್ತಾರೆ. 3,60,000 ರೂಪಾಯಿಯ ಕಂತು ಒಂದು ತಿಂಗಳು ತಡವಾದರೆ ಇದೇ ದರದಲ್ಲಿ 3,300 ರೂಪಾಯಿ ಬಡ್ಡಿ ಕೊಡಬೇಕಾಗುತ್ತದೆ.

ರದ್ದತಿ: ಯಾರು ಮುರಿದರು ಎಂಬುದರ ಮೇಲೆ

ರದ್ದತಿಯ ಷರತ್ತನ್ನು ಒಂದೇ ಸಾಲಿನಲ್ಲಿ ಬರೆದರೆ ತಪ್ಪಾಗುತ್ತದೆ. ಯಾರು, ಯಾವ ಕಾರಣಕ್ಕೆ ಮುರಿದರು ಎಂಬುದರ ಮೇಲೆ ಹಣದ ಲೆಕ್ಕ ಬದಲಾಗುತ್ತದೆ. ಸಾರಾಂಶದಲ್ಲಿ ಮೂರು ಸಾಲು ಬೇಕು.

ಮೊದಲನೆಯದು, ಬಿಲ್ಡರ್ ತಡಮಾಡಿ ಕೊಂಡವರು ಹೊರಬಂದರೆ. ಆಗ ಕಡಿತದ ಮಾತೇ ಇಲ್ಲ. ಕಟ್ಟಿದ ಹಣ ಬಡ್ಡಿಯೊಂದಿಗೆ ವಾಪಸು ಬರಬೇಕು. ಮೇಲಿನ ಶಿಕ್ಷಕರು ಈ ದಾರಿ ಹಿಡಿದಿದ್ದರೆ 30,60,000 ರೂಪಾಯಿಯ ಮೇಲೆ ಬಡ್ಡಿ ಕೇಳುತ್ತಿದ್ದರು.

ಎರಡನೆಯದು, ಕೊಂಡವರು ಕಂತು ಕಟ್ಟದೆ ಬಿಲ್ಡರ್ ರದ್ದು ಮಾಡಿದರೆ. ಮಾದರಿ ಕರಾರಿನಲ್ಲಿ ಮೂರು ಕಂತು ತಪ್ಪಿದ ಮೇಲಷ್ಟೇ ಬಿಲ್ಡರಿಗೆ ಈ ಅಧಿಕಾರ. ಅದಕ್ಕೂ ಮೊದಲು ರಿಜಿಸ್ಟರ್ಡ್ ಅಂಚೆಯಲ್ಲಿ ಮತ್ತು ಈಮೇಲಿನಲ್ಲಿ 15 ದಿನಗಳ ನೋಟಿಸ್ ಕೊಟ್ಟು ಯಾವ ತಪ್ಪಿಗೆ ರದ್ದು ಎಂದು ತಿಳಿಸಬೇಕು. ಆ ಅವಧಿಯಲ್ಲಿ ಬಾಕಿ ಕಟ್ಟಿದರೆ ರದ್ದತಿ ಇಲ್ಲ. ರದ್ದಾದ ಮೇಲೆ ಒಪ್ಪಿದ ಕಡಿತ ಹಿಡಿದು ಉಳಿದ ಹಣವನ್ನು 30 ದಿನಗಳಲ್ಲಿ ಹಿಂತಿರುಗಿಸಬೇಕು. "ಒಂದು ಕಂತು ತಪ್ಪಿದರೂ ರದ್ದು" ಅಥವಾ "ಫ್ಲಾಟ್ ಬೇರೆಯವರಿಗೆ ಮಾರಾಟವಾದ ಮೇಲೆ ಹಣ ವಾಪಸು" ಎಂದು ಬರೆದಿದ್ದರೆ ಅದು ಮಾದರಿಯಿಂದ ದೂರ ಸರಿದದ್ದು. ನೋಟಿಸ್ ಹೋಗುವುದು ಕರಾರಿನಲ್ಲಿ ಕೊಟ್ಟ ವಿಳಾಸಕ್ಕೆ. ಬಾಡಿಗೆ ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ಬರವಣಿಗೆಯಲ್ಲಿ ತಿಳಿಸದಿದ್ದರೆ 15 ದಿನ ಗೊತ್ತಿಲ್ಲದೆ ಕಳೆದುಹೋಗುತ್ತದೆ.

ಮೂರನೆಯದು, ಬಿಲ್ಡರ್ ತಪ್ಪಿಲ್ಲದೆ ಕೊಂಡವರೇ ಮನಸ್ಸು ಬದಲಾಯಿಸಿದರೆ. ಇಲ್ಲಿಯೇ ಹಣ ಹೆಚ್ಚು ಹೋಗುವುದು. ಬುಕಿಂಗ್ ಹಂತದಲ್ಲೇ ಹಿಂದೆ ಸರಿದರೆ ಮಹಾರೇರಾ 2022ರಲ್ಲಿ ಕೊಟ್ಟ ಮಾದರಿ ಅಲಾಟ್‌ಮೆಂಟ್ ಪತ್ರ ರಕ್ಷಣೆ ಕೊಡುತ್ತದೆ. ಪತ್ರ ಕೊಟ್ಟ 15 ದಿನದೊಳಗೆ ರದ್ದು ಮಾಡಿದರೆ ಕಡಿತವಿಲ್ಲ. 16ರಿಂದ 30 ದಿನಕ್ಕೆ ಫ್ಲಾಟಿನ ಬೆಲೆಯ 1 ಶೇಕಡಾ, 31ರಿಂದ 60 ದಿನಕ್ಕೆ ಒಂದೂವರೆ, ಆಮೇಲೆ 2 ಶೇಕಡಾ. 36 ಲಕ್ಷದ ಫ್ಲಾಟಿಗೆ ಅತಿ ಹೆಚ್ಚೆಂದರೆ 72,000 ರೂಪಾಯಿ. ಕರಾರು ನೋಂದಣಿಯಾದ ಮೇಲೆ ಕರಾರಿನಲ್ಲಿ ಬರೆದ ಕಡಿತ ಅನ್ವಯಿಸುತ್ತದೆ. ಬೆಲೆಯ 10 ಶೇಕಡಾ ಎಂದಿದ್ದರೆ 3,60,000 ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚು ಇದ್ದರೆ ಪ್ರಶ್ನಿಸಬಹುದು. 20 ಶೇಕಡಾ ಮುಟ್ಟುಗೋಲಿನ ಷರತ್ತು ಒಂದೇ ಪಕ್ಷದ್ದು, 10 ಶೇಕಡಾ ಸಾಕು ಎಂಬ ನಿಲುವನ್ನು ಗೋದ್ರೆಜ್ ಪ್ರಾಜೆಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ.

ಮೂರೂ ಸಂದರ್ಭದಲ್ಲಿ ಎರಡು ಸಂಗತಿ ಕೇಳಿ ಬರೆದುಕೊಳ್ಳಬೇಕು. ಸ್ಟಾಂಪ್ ಶುಲ್ಕ, ನೋಂದಣಿ ಶುಲ್ಕ ಮತ್ತು ಜಿಎಸ್‌ಟಿ ಹಣ ಬಿಲ್ಡರ್ ಹಿಂತಿರುಗಿಸುವ ಮೊತ್ತದಲ್ಲಿ ಸೇರಿದೆಯೇ ಎಂಬುದು ಒಂದು. ಬ್ಯಾಂಕ್ ಸಾಲ ಇದ್ದರೆ ವಾಪಸು ಬರುವ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆಯೇ ಎಂಬುದು ಇನ್ನೊಂದು. ಬ್ಯಾಂಕ್, ಬಿಲ್ಡರ್, ಕೊಂಡವರು ಮೂವರೂ ಸಹಿ ಮಾಡಿದ ಪತ್ರದಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ನೋಂದಣಿಯಾದ ಕರಾರನ್ನು ರದ್ದು ಮಾಡುವಾಗ ರದ್ದತಿ ಪತ್ರವನ್ನೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ರೂಢಿ. ಹಣ ಕೈಗೆ ಬರುವ ಮೊದಲೇ ಅದಕ್ಕೆ ಸಹಿ ಹಾಕಿದರೆ ಫ್ಲಾಟೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ. ಡಿಮ್ಯಾಂಡ್ ಡ್ರಾಫ್ಟ್ ಕೈಗೆ ಬರುವುದೂ ಸಹಿಯೂ ಒಂದೇ ದಿನ ಆಗಬೇಕು.

ಸಾರಾಂಶದ ಪುಟ ಹೀಗಿರಲಿ

ಮೇಲಿನ ಉದಾಹರಣೆಯ ಫ್ಲಾಟಿಗೆ ಬರೆದ ಸಾರಾಂಶ ಇಷ್ಟೇ ಆಗುತ್ತದೆ. ಪ್ರತಿ ಸಾಲಿನ ಕೊನೆಗೆ ಮೂಲ ಕರಾರಿನ ಷರತ್ತಿನ ಸಂಖ್ಯೆ ಇರಬೇಕು. ಬಿಲ್ಡರ್ ಕಚೇರಿಯಲ್ಲಿ ಮಾತು ಬಂದಾಗ ಬೆರಳಿಟ್ಟು ತೋರಿಸಲು ಅದು ಬೇಕು.

1. ಕಾಗದ: ನೋಂದಾಯಿತ ಮಾರಾಟ ಕರಾರು, ನೋಂದಣಿಯ ದಿನ, ದಸ್ತಾವೇಜು ಸಂಖ್ಯೆ, ಮಹಾರೇರಾ ಸಂಖ್ಯೆ.
2. ಬೆಲೆ: 36,00,000 ರೂಪಾಯಿ, 600 ಚದರಡಿ ಕಾರ್ಪೆಟ್ (ಷರತ್ತು 1).
3. ತಾಬಾ: 30 ಜೂನ್ 2023. ಗ್ರೇಸ್ ಅವಧಿ ಇಲ್ಲ. ವಿಸ್ತರಣೆಗೆ ಎರಡೇ ಕಾರಣ (ಷರತ್ತು 6). ಮಹಾರೇರಾ ತಾಣದ ತಾರೀಖು ಪ್ರತ್ಯೇಕ ಬರೆದಿದೆ.
4. ಬಿಲ್ಡರ್ ತಡಮಾಡಿದರೆ: ಕಟ್ಟಿದ ಹಣಕ್ಕೆ ಪ್ರತಿ ತಿಂಗಳು ಎಸ್‌ಬಿಐ ಅತಿ ಹೆಚ್ಚಿನ ಎಂಸಿಎಲ್‌ಆರ್ ಮತ್ತು 2 ಶೇಕಡಾ ಬಡ್ಡಿ (ಷರತ್ತು 4.1).
5. ನಾವು ಕಂತು ತಡಮಾಡಿದರೆ: ಅದೇ ದರ.
6. ಬಿಲ್ಡರ್ ರದ್ದು ಮಾಡುವುದು: ಮೂರು ಕಂತು ತಪ್ಪಿದರೆ, 15 ದಿನ ನೋಟಿಸ್, 30 ದಿನದಲ್ಲಿ ಹಣ ವಾಪಸು (ಷರತ್ತು 4.2).
7. ತಡದಿಂದ ನಾವು ಹೊರಬಂದರೆ: ಪೂರ್ತಿ ಹಣ, ಬಡ್ಡಿ. ಇಷ್ಟದಿಂದ ಹೊರಬಂದರೆ: 10 ಶೇಕಡಾ ಕಡಿತ.
8. ಕೇಳಬೇಕಾದ್ದು: ಜಿಎಸ್‌ಟಿ ವಾಪಸಾತಿ ಬಗ್ಗೆ ಕರಾರಿನಲ್ಲಿ ಮಾತಿಲ್ಲ.

ಎಂಟನೇ ಸಾಲು ಮರೆಯಬಾರದು. ಕರಾರಿನಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಸಾರಾಂಶದ ಭಾಗ. ಇದನ್ನು ಸಹಿಗೆ ಮೊದಲೇ ಬರೆದರೆ ವಕೀಲರ ಬಳಿ ಹೋದಾಗ ಕೇಳಬೇಕಾದ ಪ್ರಶ್ನೆ ಸಿದ್ಧವಿರುತ್ತದೆ. ಜಗಳ ಬಂದಾಗ ಪ್ರಾಧಿಕಾರ ನೋಡುವುದು ಮೂಲ ಕರಾರಿನ ಮಾತುಗಳನ್ನೇ ಹೊರತು ಈ ಪುಟವನ್ನಲ್ಲ.

ತಾರೀಖು ತಪ್ಪಿದಾಗ

ಮೊದಲು ಬಿಲ್ಡರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದು ಮನೆ ಬೇಕೋ ಹಣ ಬೇಕೋ ಎಂಬುದನ್ನು ಸ್ಪಷ್ಟಪಡಿಸಬೇಕು. ಉತ್ತರ ಬಾರದಿದ್ದರೆ ಮಹಾರೇರಾದಲ್ಲಿ ಆನ್‌ಲೈನ್ ದೂರು ಕೊಡಬಹುದು. ಅಲ್ಲಿ ಸಂಧಾನ ವೇದಿಕೆಯೂ ಇದೆ. ಗ್ರಾಹಕ ಆಯೋಗದ ದಾರಿಯೂ ಮುಚ್ಚಿಲ್ಲ ಎಂದು 2020ರ ನವೆಂಬರಿನಲ್ಲಿ ಇಂಪೀರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶ ಬಂದ ಮಾತ್ರಕ್ಕೆ ಹಣ ಬಂದಿತೆಂದಲ್ಲ. ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿಗೆ ಆದೇಶ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿ ಕಾಯಬೇಕಾಗುತ್ತದೆ. ಬಿಲ್ಡರಿನ ಆಸ್ತಿಯೇ ಉಳಿದಿಲ್ಲದಿದ್ದರೆ ವಸೂಲಿಯೂ ಕಷ್ಟ.

ಕಾಸರಗೋಡು, ಹೊಸೂರು, ಆದೋನಿ ಕಡೆಯ ಓದುಗರಿಗೂ ರೇರಾ ಕಾಯ್ದೆಯ 13 ಮತ್ತು 18ನೇ ಕಲಮು ಒಂದೇ. ಆದರೆ ಬಡ್ಡಿ ದರ, ಕರಾರಿನ ಮಾದರಿ, ನೋಟಿಸಿನ ದಿನಗಳು ಆಯಾ ರಾಜ್ಯದ ನಿಯಮಗಳಲ್ಲಿ ಇರುತ್ತವೆ. ಮೇಲಿನ ಸಾರಾಂಶದ ಎಂಟು ಸಾಲುಗಳನ್ನು ಹಾಗೆಯೇ ಇಟ್ಟುಕೊಂಡು ಅಂಕಿಗಳನ್ನು ತಮ್ಮ ರಾಜ್ಯದ ನಿಯಮದಿಂದ ತುಂಬಿಕೊಳ್ಳಬೇಕು.